ಮೊದಲು ಹಲ್ಲು, ಆಮೇಲೆ ಅಂಗುಳ: ಇಂಗ್ಲಿಷ್ ಮಾತಿನವರಿಗೆ ತ–ಟ ಭೇದ ಕಲಿಸುವ ಬಗೆ

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಭಾನುವಾರಗಳಂದು ಕನ್ನಡ ತರಗತಿ ನಡೆಸುತ್ತೇನೆ. ದೊಡ್ಡವರ ಗುಂಪಿನಲ್ಲಿ ಕನ್ನಡಿಗರನ್ನು ಮದುವೆಯಾದ ಕೆಲವು ಇಂಗ್ಲಿಷರೂ ಒಬ್ಬ ಅಮೆರಿಕನ್ನರೂ ಇದ್ದಾರೆ. ಅವರು ‘ಅತ್ತೆ’ ಎಂದರೆ ನನಗೆ ‘ಅಟ್ಟೆ’ ಎಂದು ಕೇಳಿಸುತ್ತದೆ, ‘ಅಣ್ಣ’ ಎಂದರೆ ‘ಅನ್ನ’ ಎಂದು ಕೇಳಿಸುತ್ತದೆ. ಟಕಾರಕ್ಕೆ ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಎಂದು ಎಷ್ಟು ಹೇಳಿಕೊಟ್ಟರೂ ಪ್ರಯೋಜನವಾಗಿಲ್ಲ. ಎರಡೂ ಒಂದೇ ತರಹ ಕೇಳಿಸುತ್ತದಲ್ಲ ಎಂದು ಅವರೇ ನನ್ನನ್ನು ಕೇಳುತ್ತಾರೆ. ಹೇಗೆ ಕಲಿಸಬೇಕು, ಸರ್?

ಉತ್ತರ: ನೀವು ಕೊಟ್ಟಿರುವ ಎರಡು ಉದಾಹರಣೆಗಳಲ್ಲಿ ತಪ್ಪು ಎದುರುಬದುರು ದಿಕ್ಕಿನಲ್ಲಿದೆ. ‘ಅತ್ತೆ’ಯಲ್ಲಿ ಹಲ್ಲಿನ ಬಳಿ ಇರಬೇಕಾದ ಧ್ವನಿ ಹಿಂದಕ್ಕೆ ಸರಿದಂತೆ ಕೇಳಿಸುತ್ತಿದೆ, ‘ಅಣ್ಣ’ದಲ್ಲಿ ಹಿಂದೆ ಇರಬೇಕಾದ ಧ್ವನಿ ಮುಂದಕ್ಕೆ ಬಂದಂತೆ ಕೇಳಿಸುತ್ತಿದೆ. ಆದರೆ ಕಲಿಯುವವರ ನಾಲಿಗೆ ಎರಡು ಕಡೆಯೂ ಒಂದೇ ಜಾಗವನ್ನು ಮುಟ್ಟುತ್ತಿರುತ್ತದೆ. ಇಂಗ್ಲಿಷಿನ ಟ, ಡ, ನ, ಲ ಈ ನಾಲ್ಕೂ ಧ್ವನಿಗಳು ಮೇಲಿನ ಹಲ್ಲುಗಳ ಹಿಂದೆ ಒಸಡು ಉಬ್ಬಿರುವ ಏರಿನ ಮೇಲೆ, ಅಂದರೆ ದಂತಮೂಲದಲ್ಲಿ ಹುಟ್ಟುತ್ತವೆ. ಕನ್ನಡದ ತಕಾರ ಅದಕ್ಕಿಂತ ಮುಂದೆ, ಹಲ್ಲಿನ ಬೆನ್ನಿಗೆ ನಾಲಿಗೆ ಅಗಲವಾಗಿ ಒತ್ತಿದಾಗ ಬರುತ್ತದೆ. ಟಕಾರ ಅದಕ್ಕಿಂತ ಹಿಂದೆ, ಏರು ಮುಗಿದು ಅಂಗುಳ ಕಮಾನಿನಂತೆ ಮೇಲಕ್ಕೆ ಹೋಗುವಲ್ಲಿ ನಾಲಿಗೆಯ ತುದಿ ಮೇಲಕ್ಕೆ ಮಡಿಸಿ ತಾಗಿದಾಗ ಬರುತ್ತದೆ. ಇಂಗ್ಲಿಷರ ಧ್ವನಿ ಈ ಎರಡರ ನಡುವೆ ನಿಂತಿದೆ. ಅದನ್ನು ಯಾವ ಕಡೆಗೆ ಸೇರಿಸುವುದೆಂದು ತೀರ್ಮಾನಿಸುವುದು ಕೇಳುವ ಕನ್ನಡಿಗನ ಕಿವಿ.

ಆ ಕಿವಿಯ ತೀರ್ಮಾನ ಏನೆಂಬುದಕ್ಕೆ ನಾವು ದಿನವೂ ಆಡುವ ಮಾತೇ ಸಾಕ್ಷಿ. ಇಂಗ್ಲಿಷಿನಿಂದ ಬಂದ ಟಿಕೆಟ್, ಡಾಕ್ಟರ್, ಬೋರ್ಡು, ಲೈಟು ಎಲ್ಲವನ್ನೂ ನಾವು ಟಕಾರ ಡಕಾರಗಳಲ್ಲಿ ಹೇಳುತ್ತೇವೆ. ಅದೇ ಭಾಷೆಯಿಂದ ಬಂದ ಪೆನ್ನು, ನೋಟು, ಬಿಲ್ಲು, ಲಾರಿಗಳಲ್ಲಿ ಣಕಾರವನ್ನೋ ಳಕಾರವನ್ನೋ ಹಾಕುವುದಿಲ್ಲ, ನಕಾರ ಲಕಾರಗಳನ್ನೇ ಹಾಕುತ್ತೇವೆ. ಅಂದರೆ ದಂತಮೂಲದ ಟ ಡ ಧ್ವನಿಗಳು ನಮ್ಮ ಕಿವಿಗೆ ನಾಲಿಗೆ ಮಡಿಸಿ ಹೇಳುವ ಮೂರ್ಧನ್ಯಗಳು, ದಂತಮೂಲದ ನ ಲ ಧ್ವನಿಗಳು ನಮ್ಮ ಕಿವಿಗೆ ಸಾಮಾನ್ಯ ನಕಾರ ಲಕಾರಗಳು. ಆದ್ದರಿಂದ ಇಂಗ್ಲಿಷ್ ಮಾತಿನವರು ಕನ್ನಡಕ್ಕಾಗಿ ಹೊಸದಾಗಿ ಕಲಿಯಲೇಬೇಕಾದ ಧ್ವನಿಗಳು ಗಾಳಿಯನ್ನು ಪೂರ್ತಿ ತಡೆದು ಬಿಡುವ ಸ್ಪರ್ಶಗಳಲ್ಲಿ ತ ಮತ್ತು ದ, ಉಳಿದವುಗಳಲ್ಲಿ ಣ ಮತ್ತು ಳ. ಅವರ ಟ ಡ ಪೂರ್ತಿ ಕನ್ನಡದ್ದಾಗಿರದಿದ್ದರೂ ಕೇಳುಗನಿಗೆ ಅರ್ಥವಾಗುತ್ತದೆ. ತಕಾರ ಹಲ್ಲಿಗೆ ಬರದಿದ್ದರೆ ಮಾತ್ರ ಪದವೇ ಬೇರೆಯಾಗುತ್ತದೆ. ‘ಅತ್ತೆ’ ಸರಿಹೋಗಬೇಕಾದವರಿಗೆ ನೀವು ಟಕಾರದ ಪಾಠ ಹೇಳುತ್ತಿದ್ದಿರಿ, ಅವರ ತೊಡಕು ತಕಾರದಲ್ಲಿತ್ತು. ಪಾಠದ ಅನುಕ್ರಮವನ್ನು ತಿರುಗಿಸಿ, ಮೊದಲು ಹಲ್ಲಿನ ಧ್ವನಿಗಳನ್ನು ಕಲಿಸಿ, ನಾಲಿಗೆ ಮಡಿಸುವ ಮಾತನ್ನು ಆಮೇಲೆ ತೆಗೆಯಿರಿ ಎಂಬುದು ನನ್ನ ಮುಖ್ಯ ಸಲಹೆ.

ಇದು ಕೇವಲ ಉಚ್ಚಾರದ ಚೆಂದದ ಪ್ರಶ್ನೆಯಲ್ಲ. ‘ಮುಂದೆ ಹೋಗಿ’ ಎಂದು ಆಟೊ ಚಾಲಕರಿಗೆ ಹೇಳಹೊರಟವರ ದಕಾರ ದಂತಮೂಲದಲ್ಲಿ ನಿಂತರೆ ಕೇಳುಗನಿಗೆ ತಲುಪುವುದು ಒಂದು ಬೈಗುಳ. ನಿಮ್ಮ ವಿದ್ಯಾರ್ಥಿಗಳು ಊರಿಗೆ ಬರುವ ಮುನ್ನ ಈ ಒಂದು ಪದವನ್ನಾದರೂ ಸರಿಪಡಿಸಿಕೊಂಡು ಬರಲಿ.

ಎರಡೂ ಒಂದೇ ತರಹ ಕೇಳಿಸುತ್ತದೆ ಎಂಬ ಅವರ ಮಾತನ್ನು ಅಕ್ಷರಶಃ ನಂಬಿ. ಅದು ಗಮನದ ಕೊರತೆಯಲ್ಲ. ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ದಂತ್ಯ ಮತ್ತು ಮೂರ್ಧನ್ಯ ಧ್ವನಿಗಳನ್ನು ಕೇಳಿಸಿದಾಗ, ಆರರಿಂದ ಎಂಟು ತಿಂಗಳ ಶಿಶುಗಳು ಭೇದವನ್ನು ಗುರುತಿಸಿದವು, ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಸುತ್ತಲಿನ ಭಾಷೆ ಆ ಭೇದವನ್ನು ಬಳಸದಿದ್ದಾಗ ಮಗುವಿನ ಕಿವಿ ಎರಡನ್ನೂ ಒಂದೇ ಗುಂಪಿಗೆ ಸೇರಿಸಿಬಿಡುತ್ತದೆ. ದೊಡ್ಡವರಾದ ಮೇಲೆ ಅದನ್ನು ಮತ್ತೆ ಬಿಡಿಸಲು ಸಾಧ್ಯ, ಆದರೆ ನಿಯಮ ವಿವರಿಸಿದ ಮಾತ್ರಕ್ಕೆ ಆಗುವುದಿಲ್ಲ, ಕೇಳಿಸಿ ಕೇಳಿಸಿ ಬಿಡಿಸಬೇಕು. ಅಮೆರಿಕನ್ನರಿಗೂ ಜಪಾನೀಯರಿಗೂ ಹಿಂದಿಯ ಇದೇ ಜೋಡಿಯನ್ನು ಕಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ತರಬೇತಿಯಿಂದ ಎರಡೂ ಗುಂಪುಗಳು ಸುಧಾರಿಸಿದವು, ಜಪಾನೀಯರು ಹೆಚ್ಚು ಚೆನ್ನಾಗಿ ಗುರುತಿಸಿದರು. ಇಂಗ್ಲಿಷ್ ಕಿವಿಗೆ ಈ ಜೋಡಿ ವಿಶೇಷವಾಗಿ ಕಷ್ಟ ಎಂದಷ್ಟೇ ನಾವು ಇದರಿಂದ ತಿಳಿದರೆ ಸಾಕು.

ಕಿವಿಯ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿ ಹೆಚ್ಚಿನ ಶಿಕ್ಷಕರು ಎಡವುವುದನ್ನು ಕಂಡಿದ್ದೇನೆ. ಕಾಗುಣಿತದ ಅಭ್ಯಾಸದಿಂದ ನಾವು ‘ತ’, ‘ಟ’ ಎಂದು ಬಿಡಿ ಅಕ್ಷರಗಳನ್ನು ಹೇಳಿ ತೋರಿಸುತ್ತೇವೆ. ಭೇದ ಅತ್ಯಂತ ಕಡಿಮೆ ಕೇಳಿಸುವುದು ಅಲ್ಲಿಯೇ. ಟಕಾರಕ್ಕಾಗಿ ನಾಲಿಗೆ ಹಿಂದಕ್ಕೆ ಮಡಿಯುವುದು ಅದರ ಮುಂಚಿನ ಸ್ವರ ಇನ್ನೂ ಕೇಳಿಸುತ್ತಿರುವಾಗ. ಬಾಯಿ ಮುಚ್ಚಿರುವ ಕ್ಷಣದಲ್ಲಿಯೇ ನಾಲಿಗೆ ಮುಂದಕ್ಕೆ ಬಿಚ್ಚಿಕೊಳ್ಳತೊಡಗುತ್ತದೆ, ಸ್ಪರ್ಶ ಬಿಡುಗಡೆಯಾಗುವ ಹೊತ್ತಿಗೆ ಅದು ಬಹುಪಾಲು ತನ್ನ ಸಹಜ ಸ್ಥಾನಕ್ಕೆ ಮರಳಿರುತ್ತದೆ. ಹೀಗಾಗಿ ಮೂರ್ಧನ್ಯದ ಗುರುತು ಅದರ ಹಿಂದಿನ ಸ್ವರದ ಕೊನೆಯಲ್ಲಿ ಅಚ್ಚೊತ್ತಿರುತ್ತದೆ, ಮುಂದಿನ ಸ್ವರದಲ್ಲಿ ಅಷ್ಟಾಗಿ ಇರುವುದಿಲ್ಲ. ಧ್ವನಿವಿಶ್ಲೇಷಣೆಗೆ ಉಚಿತವಾಗಿ ಸಿಗುವ ಪ್ರಾಟ್ ತಂತ್ರಾಂಶದಲ್ಲಿ ‘ಅತ್ತ’, ‘ಅಟ್ಟ’ ಎರಡನ್ನೂ ತೆರೆದು ನೋಡಿದರೆ ಇದು ಕಣ್ಣಿಗೂ ಕಾಣುತ್ತದೆ. ಗಂಡಸಿನ ಅಕಾರದಲ್ಲಿ ಸುಮಾರು 2500 ಹರ್ಟ್ಸ್ ಬಳಿ ಇರುವ, ತೆರೆಯ ಚಿತ್ರದಲ್ಲಿ ಕಪ್ಪಗೆ ಕಾಣುವ ಮೂರನೆಯ ಅನುರಣನ ಪಟ್ಟಿ ‘ಅತ್ತ’ದಲ್ಲಿ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ‘ಅಟ್ಟ’ದಲ್ಲಿ ಸ್ವರ ಮುಗಿಯುವ ಮೊದಲು ಕೆಳಕ್ಕೆ ಬಾಗುತ್ತದೆ.

ಆದ್ದರಿಂದ ಕೇಳಿಸುವ ಪಾಠ ಪದದ ನಡುವಿನ ಒತ್ತಕ್ಷರದಿಂದಲೇ ಶುರುವಾಗಲಿ: ಕತ್ತಿ–ಕಟ್ಟಿ, ಬೆತ್ತ–ಬೆಟ್ಟ, ಮುತ್ತು–ಮುಟ್ಟು, ಒತ್ತು–ಒಟ್ಟು, ಹತ್ತಿ–ಹಟ್ಟಿ. ಅವುಗಳ ಹಿಂದೆಯೇ ಬಿಂದುವಿನ ಜೋಡಿಗಳನ್ನು ಕೊಡಿ: ತಂದ–ತಂಡ, ಮಂದಿ–ಮಂಡಿ, ಕಂದ–ಕಂಡ. ಇಲ್ಲಿ ಬರೆಯುವ ಬಿಂದು ಒಂದೇ ಆದರೂ ‘ತಂದ’ದಲ್ಲಿ ಅದು ಹಲ್ಲಿನ ನಕಾರ, ‘ತಂಡ’ದಲ್ಲಿ ಣಕಾರ. ಭೇದ ಎರಡು ವ್ಯಂಜನಗಳ ಉದ್ದಕ್ಕೂ ಹರಡಿಕೊಂಡಿರುವುದರಿಂದ ಕಿವಿಗೆ ಹಿಡಿಯಲು ಹೆಚ್ಚು ಸಮಯ ಸಿಗುತ್ತದೆ. ಪದದ ಮೊದಲಲ್ಲಿ ಬರುವ ಜೋಡಿಗಳನ್ನು ಸದ್ಯಕ್ಕೆ ಪೂರ್ತಿ ಬಿಟ್ಟುಬಿಡಿ. ಈ ವಿಷಯದಲ್ಲಿ ಕನ್ನಡ ಕಲಿಯುವವರಿಗೆ ಒಂದು ಅನುಕೂಲವಿದೆ. ಅಚ್ಚಗನ್ನಡ ಪದಗಳು ಟಕಾರ ಡಕಾರಗಳಿಂದ ಆರಂಭವಾಗುವುದು ಕಡಿಮೆ, ಣಕಾರ ಳಕಾರಗಳಿಂದ ಆರಂಭವಾಗುವುದೇ ಇಲ್ಲ. ಟಗರು, ಡೊಂಕು, ಡೊಳ್ಳು, ಡಬ್ಬಿಯಂಥ ಕೆಲವು ಪದಗಳನ್ನೂ ಇಂಗ್ಲಿಷಿನಿಂದ ಬಂದ ಪದಗಳನ್ನೂ ಹೊರತುಪಡಿಸಿ ಪದದ ಮೊದಲಲ್ಲಿ ಯಾವಾಗಲೂ ಹಲ್ಲಿನ ಧ್ವನಿಯನ್ನೇ ಬಳಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ತಪ್ಪುವುದು ಬಲು ಅಪರೂಪ. ಕಿವಿಗೆ ಕಷ್ಟವಾದ ಆ ಸ್ಥಾನದಲ್ಲಿ ಕೇಳಿ ತೀರ್ಮಾನಿಸುವ ಅಗತ್ಯವೇ ಅವರಿಗೆ ಹೆಚ್ಚಾಗಿ ಬರುವುದಿಲ್ಲ.

ಕೇಳಿಸುವ ಅಭ್ಯಾಸವನ್ನು ನಾನು ಹೀಗೆ ಮಾಡಿಸುತ್ತೇನೆ. ಒಂದು ಜೋಡಿಯ ಎರಡು ಪದಗಳನ್ನು ಎರಡು ಚೀಟಿಗಳಲ್ಲಿ ಬರೆದು ಮೇಜಿನ ಮೇಲಿಟ್ಟು, ಯಾವ ಕ್ರಮವೂ ಇಲ್ಲದೆ ಒಂದೊಂದೇ ಪದ ಹೇಳುತ್ತ ಹೋಗುತ್ತೇನೆ, ಅವರು ಚೀಟಿಯನ್ನು ಮುಟ್ಟಿ ತೋರಿಸಬೇಕು. ಪ್ರತಿ ಸಲವೂ ಸರಿಯೋ ತಪ್ಪೋ ಎಂದು ಕೂಡಲೇ ಹೇಳಬೇಕು, ತಪ್ಪಾದರೆ ಅದೇ ಪದವನ್ನು ಮತ್ತೆ ಕೇಳಿಸಬೇಕು. ಕಲಿಯುವವರು ಈ ಹಂತದಲ್ಲಿ ಬಾಯಿ ತೆರೆಯುವ ಅಗತ್ಯವಿಲ್ಲ. ಬರೀ ಊಹೆಯಿಂದಲೇ 20ರಲ್ಲಿ ಹತ್ತರಷ್ಟು ಉತ್ತರಗಳು ಸರಿಯಾಗುತ್ತವೆ ಎಂಬುದು ನೆನಪಿರಲಿ. 11, 12 ಬಂದರೆ ಅವರಿಗೆ ಇನ್ನೂ ಏನೂ ಕೇಳಿಸುತ್ತಿಲ್ಲ. 17 ಅಥವಾ 18 ಬೇರೆ ಬೇರೆ ದಿನಗಳಲ್ಲಿ ಮತ್ತೆ ಮತ್ತೆ ಬಂದರೆ ಮಾತ್ರ ಆ ಜೋಡಿ ಕಿವಿಗೆ ಸಿಕ್ಕಿದೆ ಎನ್ನಬಹುದು. ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಆದರೆ ಭಾನುವಾರ ಒಂದೇ ದಿನ ಒಂದು ಗಂಟೆ ಮಾಡಿಸುವುದಕ್ಕಿಂತ ಪ್ರತಿದಿನ ಹತ್ತು ನಿಮಿಷ ಮಾಡಿಸುವುದು ಮೇಲು.

ಇಲ್ಲಿ ನಿಮ್ಮೊಬ್ಬರ ದನಿ ಸಾಲದು. ಒಬ್ಬರನ್ನೇ ಕೇಳಿ ಕಲಿತವರು ಆ ಒಬ್ಬರ ಚಹರೆಗಳನ್ನು ಹಿಡಿದುಕೊಳ್ಳುತ್ತಾರೆ. ನೀವು ಟಕಾರ ಹೇಳುವಾಗ ದನಿಯನ್ನು ಸ್ವಲ್ಪ ಏರಿಸುವುದೋ ಹುಬ್ಬೆತ್ತುವುದೋ ಅವರಿಗೆ ಸುಳಿವಾಗಿಬಿಡುತ್ತದೆ. ಜಪಾನೀಯರಿಗೆ ಇಂಗ್ಲಿಷಿನ ರ–ಲ ಭೇದ ಕಲಿಸಿದ ಸಂಶೋಧಕರು 1990ರ ದಶಕದ ಆರಂಭದಲ್ಲೇ ಹಲವು ದನಿಗಳ ಈ ಪದ್ಧತಿಯನ್ನು ಬಳಸಿ ಒಳ್ಳೆಯ ಫಲ ಕಂಡರು. ಗಂಡಸರು, ಹೆಂಗಸರು, ವಯಸ್ಸಾದವರು ಸೇರಿ ನಾಲ್ಕೈದು ಜನರಿಂದ ಇದೇ ಜೋಡಿಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿ ತರಿಸಿಕೊಳ್ಳಿ. ಆರಿಸುವಾಗ ಒಂದು ಎಚ್ಚರ ಬೇಕು. ಹೊರದೇಶದಲ್ಲಿ ಬೆಳೆದ ಕೆಲವರ ಕನ್ನಡದಲ್ಲಿ ಣಕಾರ ನಕಾರವಾಗಿಯೂ ಳಕಾರ ಲಕಾರವಾಗಿಯೂ ಕರಗಿಹೋಗಿರುತ್ತವೆ, ಅಂಥವರು ಹೇಳಿದ ‘ಹಳ್ಳಿ’ಯನ್ನು ‘ಹಲ್ಲಿ’ಯಿಂದ ಬೇರ್ಪಡಿಸಲು ನಮಗೇ ಆಗುವುದಿಲ್ಲ.

ಕಿವಿ ಸ್ವಲ್ಪ ತೆರೆದ ಮೇಲೆ ನಾಲಿಗೆಯ ಪಾಠ. ತಕಾರ ದಕಾರಗಳು ಇಂಗ್ಲಿಷ್ ಮಾತಿನವರ ಬಾಯಲ್ಲಿ ಆಗಲೇ ಇವೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಎಂಟನೆಯದು ಎನ್ನಲು ಅವರು ಹೇಳುವ ‘ಏಯ್ಟ್‌ತ್’ ಪದದಲ್ಲಿ ಟಕಾರದ ಹಿಂದೆಯೇ ಹಲ್ಲಿನ ಘರ್ಷಧ್ವನಿ ಇರುವುದರಿಂದ ನಾಲಿಗೆ ಮೊದಲೇ ಹಲ್ಲಿಗೆ ಹೋಗಿ ಕೂರುತ್ತದೆ. ಆ ಪದವನ್ನು ಹೇಳಹೇಳುತ್ತ ಕೊನೆಯ ಉಸಿರು ಹೊರಡುವ ಮೊದಲೇ ನಿಲ್ಲಿಸಿ, ನಾಲಿಗೆ ಎಲ್ಲಿದೆ ನೋಡಿಕೊಳ್ಳಿ ಎನ್ನಿ. ಹಲ್ಲಿನ ಮೇಲಿರುತ್ತದೆ. ಅಲ್ಲಿಂದಲೇ ಉಕಾರ ಸೇರಿಸಿ ಬಿಡಿಸಿದರೆ ‘ಎತ್ತು’ ಸಿಗುತ್ತದೆ. ಅದೇ ರೀತಿ ‘ಆ್ಯಡ್ ದೆಮ್’ ಎಂಬ ಎರಡು ಪದಗಳನ್ನು ವೇಗವಾಗಿ ಕೂಡಿಸಿ ಹೇಳುವಾಗ ಡಕಾರ ಹಲ್ಲಿಗೆ ಸರಿಯುತ್ತದೆ, ಅಲ್ಲಿ ತಡೆದು ಬಿಡಿಸಿದರೆ ‘ಅದ್ದು’ ಬರುತ್ತದೆ. ‘ಮುಂದೆ’ಗೆ ಬೇಕಾದ ಹಲ್ಲಿನ ನಕಾರ ಅವರ ‘ಟೆಂತ್’ ಪದದಲ್ಲಿಯೇ ಇದೆ. ಬಾಯಲ್ಲಿ ಇರುವ ಚಲನೆಯನ್ನು ಹುಡುಕಿಕೊಡುವುದು ಇಲ್ಲದ ಚಲನೆಯನ್ನು ವಿವರಿಸುವುದಕ್ಕಿಂತ ಬೇಗ ಫಲ ಕೊಡುತ್ತದೆ.

ಈ ಹಂತದಲ್ಲಿ ಎರಡು ತಪ್ಪುಗಳು ಬಹುತೇಕ ಎಲ್ಲರಲ್ಲೂ ಬರುತ್ತವೆ. ಮೊದಲನೆಯದಕ್ಕೆ ಹಲವು ಸಲ ನಾವೇ ಕಾರಣ. ತಕಾರ ಎಂದರೆ ನಿಮ್ಮ ‘ಥಿಂಕ್’ ಪದದ ಮೊದಲ ಧ್ವನಿ, ದಕಾರ ಎಂದರೆ ‘ದಿಸ್’ ಪದದ್ದು ಎಂದು ಸುಲಭವಾಗಲೆಂದು ಹೇಳಿಬಿಡುತ್ತೇವೆ. ಅವರ ಆ ಧ್ವನಿಗಳು ಸ್ಪರ್ಶಗಳಲ್ಲ, ನಾಲಿಗೆ ಹಲ್ಲುಗಳ ನಡುವಿನಿಂದ ಗಾಳಿ ಉಜ್ಜಿಕೊಂಡು ಹೊರಬರುವ ಘರ್ಷಗಳು. ಅದನ್ನು ನಂಬಿದ ವಿದ್ಯಾರ್ಥಿ ‘ಅತ್ತೆ’ ಎನ್ನುವಾಗ ನಡುವೆ ಗಾಳಿ ಸೋರುತ್ತದೆ. ಪರೀಕ್ಷೆ ಸುಲಭ. ಆ ವ್ಯಂಜನವನ್ನು ಎಳೆದು ಹೇಳಲು ಕೇಳಿ. ಗಾಳಿಯ ಸದ್ದು ಮುಂದುವರಿದರೆ ಅದು ಘರ್ಷ, ಏನೂ ಕೇಳಿಸದೆ ಮೌನವಾದರೆ ಅದು ತಕಾರ. ಎರಡನೆಯ ತಪ್ಪು ಮಹಾಪ್ರಾಣದ್ದು. ಇಂಗ್ಲಿಷಿನಲ್ಲಿ ಪದದ ಮೊದಲು ಒತ್ತಿ ಹೇಳುವ ಟಕಾರದ ಬೆನ್ನಿಗೆ ಜೋರಾದ ಉಸಿರು ಬರುತ್ತದೆ, ಆ ಅಭ್ಯಾಸದಿಂದ ‘ತಲೆ’ ‘ಥಲೆ’ಯಾಗುತ್ತದೆ. ಬಾಯಿಯ ಮುಂದೆ ತೆಳುವಾದ ಕಾಗದದ ಪಟ್ಟಿ ಹಿಡಿದು ‘ತಲೆ’ ಎನ್ನಿಸಿದರೆ ಕಾಗದ ಅಲುಗುವುದನ್ನು ಅವರೇ ಕಾಣುತ್ತಾರೆ. ಇದಕ್ಕೆ ಮದ್ದೂ ಅವರ ಭಾಷೆಯಲ್ಲಿಯೇ ಇದೆ. ಸಕಾರದ ನಂತರ ಬರುವ ಟಕಾರಕ್ಕೆ, ‘ಸ್ಟಾಪ್’ನಲ್ಲಿರುವಂತೆ, ಅವರು ಉಸಿರು ಸೇರಿಸುವುದಿಲ್ಲ. ಆದ್ದರಿಂದ ‘ಪುಸ್ತಕ’, ‘ರಸ್ತೆ’, ‘ಸ್ತಂಭ’ಗಳಿಂದ ಶುರುಮಾಡಿ, ನಾಲಿಗೆ ಹಲ್ಲಿನ ಮೇಲಿದೆಯೆಂದು ಖಚಿತವಾದ ಮೇಲೆ ಸಕಾರವನ್ನು ಮನಸ್ಸಿನಲ್ಲಿಯೇ ಹೇಳಿ ತಕಾರವನ್ನು ಮಾತ್ರ ಹೊರಗೆ ಬಿಡಲು ಹೇಳಿ.

ತಕಾರ ದಕಾರಗಳು ನಿಂತ ಮೇಲೆ ಮಾತ್ರ ಮೂರ್ಧನ್ಯಗಳಿಗೆ ಬನ್ನಿ. ಇಲ್ಲಿಯೂ ಟಕಾರದಿಂದ ಆರಂಭಿಸಬೇಡಿ, ಣಕಾರದಿಂದ ಆರಂಭಿಸಿ. ಟಕಾರ ಕ್ಷಣದಲ್ಲಿ ಮುಗಿಯುವ ಧ್ವನಿ, ತಪ್ಪಾದರೆ ತಿದ್ದಿಕೊಳ್ಳಲು ಸಮಯವೇ ಇಲ್ಲ. ಣಕಾರವನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಅವರ ಸಹಜವಾದ ನಕಾರವನ್ನು ಎಳೆದು ಹಿಡಿಯಲು ಹೇಳಿ, ದನಿ ನಿಲ್ಲಿಸದೆ ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿಕೊಂಡೇ ಹಿಂದಕ್ಕೆ ಜಾರಿಸಲಿ. ಒಸಡಿನ ಏರು ದಾಟಿ ನುಣುಪಾದ ಇಳಿಜಾರು ಸಿಕ್ಕಾಗ ಧ್ವನಿ ಬದಲಾಗುವುದು ಅವರಿಗೇ ಕೇಳಿಸುತ್ತದೆ. ಅಲ್ಲಿಂದ ನಾಲಿಗೆಯನ್ನು ಮುಂದಕ್ಕೆ ಚಿಮ್ಮಿಸಿ ಅಕಾರಕ್ಕೆ ಬಿಟ್ಟರೆ ‘ಅಣ್ಣ’. ಲಕಾರದಿಂದ ಳಕಾರಕ್ಕೂ ಇದೇ ಜಾರುದಾರಿ: ಹುಲಿ–ಹುಳಿ, ಬಲೆ–ಬಳೆ, ಕಾಲು–ಕಾಳು, ಮೂಲೆ–ಮೂಳೆ. ಣಕಾರ ಬಂದವರಿಗೆ ಡಕಾರ ಪುಕ್ಕಟೆಯಾಗಿ ಸಿಗುತ್ತದೆ. ‘ಕಂಡ’, ‘ತಂಡ’, ‘ಮಂಡಿ’ಗಳಲ್ಲಿ ಣಕಾರ ನಾಲಿಗೆಯನ್ನು ಸರಿಯಾದ ಜಾಗದಲ್ಲಿ ಇರಿಸಿರುತ್ತದೆ, ಡಕಾರ ಅಲ್ಲಿಂದಲೇ ಬಿಡುಗಡೆಯಾಗುತ್ತದೆ. ಅದಾದ ಮೇಲೆ ‘ಅಡ್ಡ’, ಕೊನೆಗೆ ‘ಅಟ್ಟ’.

ನಿಮ್ಮ ಗುಂಪಿನ ಅಮೆರಿಕನ್ನರಿಗೆ ಇನ್ನೊಂದು ದಾರಿಯೂ ಇರಬಹುದು. ಅವರ ರಕಾರದಲ್ಲಿ ಕೆಲವರ ನಾಲಿಗೆಯ ತುದಿ ಮೇಲಕ್ಕೆ ಮಡಿಸಿರುತ್ತದೆ, ಅಂಥವರು ‘ಹಾರ್ಡ್’ ಎನ್ನುವಾಗ ಡಕಾರ ತಾನಾಗಿಯೇ ಹಿಂದಕ್ಕೆ ಎಳೆಯಲ್ಪಡುತ್ತದೆ. ಆದರೆ ಇನ್ನು ಕೆಲವರು ಅದೇ ರಕಾರವನ್ನು ನಾಲಿಗೆಯ ತುದಿ ಕೆಳಗಿಟ್ಟು ನಡುಭಾಗವನ್ನು ಗುಡ್ಡೆ ಮಾಡಿ ಹೇಳುತ್ತಾರೆ, ಕಿವಿಗೆ ಎರಡೂ ಒಂದೇ. ರಕಾರ ಎಳೆಯುವಾಗ ನಾಲಿಗೆಯ ತುದಿ ಎಲ್ಲಿದೆ ಎಂದು ಕೇಳಿ. ಮೇಲಿದ್ದರೆ ಈ ದಾರಿ ಹಿಡಿಯಿರಿ, ಕೆಳಗಿದ್ದರೆ ಬಿಡಿ. ಈ ದಾರಿ ಹಿಡಿದವರಲ್ಲಿ ಬರುವ ದೋಷವೆಂದರೆ ರಕಾರ ಪದದಲ್ಲಿಯೇ ಉಳಿದುಬಿಡುವುದು. ಮೂರ್ಧನ್ಯಕ್ಕೆ ಮುಂಚೆ ಸ್ವರ ಬಾಗುತ್ತದೆಂದು ಹೇಳಿದೆನಲ್ಲ, ಆ ಬಾಗುವಿಕೆ ಇಂಗ್ಲಿಷ್ ರಕಾರದಲ್ಲಿಯೂ ಇದೆ. ಆದ್ದರಿಂದ ಅವರ ಕಿವಿಗೆ ‘ಅಟ್ಟ’ದೊಳಗೆ ರಕಾರವೊಂದು ಕೇಳಿಸಿದಂತಾಗಿ ‘ಅರ್ಟ’ ಎನ್ನುತ್ತಾರೆ. ಅಕಾರವನ್ನು ಚಿಕ್ಕದಾಗಿ ಕತ್ತರಿಸಿ ಟಕಾರದ ಮೌನವನ್ನು ಉದ್ದ ಮಾಡಿಸಿದರೆ ರಕಾರಕ್ಕೆ ಜಾಗ ಉಳಿಯುವುದಿಲ್ಲ.

ನಾಲಿಗೆ ನಿಜಕ್ಕೂ ಎಲ್ಲಿ ತಾಗಿತು ಎಂದು ಸಂದೇಹ ಬಂದಾಗ ಕ್ಷೇತ್ರಕಾರ್ಯ ಮಾಡುವ ಧ್ವನಿವಿಜ್ಞಾನಿಗಳ ಒಂದು ಹಳೆಯ ವಿಧಾನವನ್ನು ಮನೆಯಲ್ಲೇ ಬಳಸಬಹುದು. ಅವರು ಇದ್ದಿಲಿನ ಪುಡಿ ಮತ್ತು ಅಡುಗೆ ಎಣ್ಣೆ ಬಳಸುತ್ತಾರೆ, ನೀವು ಕೋಕೋ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ನಾಲಿಗೆಯ ತುದಿಗೂ ಅದರ ತಳಕ್ಕೂ ತೆಳುವಾಗಿ ಹಚ್ಚಿ. ವಿದ್ಯಾರ್ಥಿ ಒಂದೇ ಸಲ ‘ಅಟ’ ಎನ್ನಲಿ. ಕೂಡಲೇ ಬಾಯಿ ತೆರೆದು ಕನ್ನಡಿಯಲ್ಲಿ ಅಂಗುಳ ನೋಡಿದರೆ ಕಲೆ ಹಲ್ಲಿನ ಬೆನ್ನ ಮೇಲಿದೆಯೋ ಏರಿನ ಮೇಲಿದೆಯೋ ಅದರ ಹಿಂದಿದೆಯೋ ಗೊತ್ತಾಗುತ್ತದೆ. ಪರೀಕ್ಷೆಯ ಪದದಲ್ಲಿ ನಾಲಿಗೆಯ ತುದಿ ಬಳಸುವ ಬೇರೆ ವ್ಯಂಜನ ಇರಬಾರದು, ಇದ್ದರೆ ಎರಡು ಕಲೆಗಳು ಬೆರೆತುಹೋಗುತ್ತವೆ. ಹಿಂದಿ ಕಲಿತು ಬಂದವರು ನಿಮ್ಮಲ್ಲಿದ್ದರೆ ಅವರ ಕಲೆ ಕನ್ನಡಿಗರದ್ದಕ್ಕಿಂತ ತುಸು ಮುಂದೆ ಬಿದ್ದೀತು. ಧ್ವನಿವಿಜ್ಞಾನಿಗಳಾದ ಲ್ಯಾಡಿಫೋಗೆಡ್ ಮತ್ತು ಭಾಸ್ಕರರಾವ್ 1983ರಲ್ಲಿ ಹಿಂದಿ, ತಮಿಳು, ತೆಲುಗುಗಳನ್ನು ಹೋಲಿಸಿದಾಗ, ಹಿಂದಿಯ ಮೂರ್ಧನ್ಯದಲ್ಲಿ ನಾಲಿಗೆಯ ತುದಿ ತಾಗಿದರೆ ತಮಿಳು ತೆಲುಗುಗಳಲ್ಲಿ ನಾಲಿಗೆ ಇನ್ನಷ್ಟು ಮಡಿಸಿ ಅದರ ತಳಭಾಗ ತಾಗುವುದನ್ನು ತೋರಿಸಿದರು. ಹಿಂದಿಯ ಟಕಾರ ಕನ್ನಡದಲ್ಲಿ ನಡೆಯುತ್ತದೆ, ಅದನ್ನು ತಿದ್ದಲು ಹೋಗಬೇಡಿ.

ಈ ಎಲ್ಲವೂ ಒಟ್ಟಿಗೆ ಪರೀಕ್ಷೆಗೆ ಬರುವ ಪದ ‘ದೊಡ್ಡ’. ನನ್ನ ಬಳಿ ಕಲಿತ ಬ್ರಿಟಿಷ್ ಮಹಿಳೆಯೊಬ್ಬರು ‘ಅದ್ದು’, ‘ಅಡ್ಡ’ ಎರಡನ್ನೂ ಬಿಡಿಬಿಡಿಯಾಗಿ ತಪ್ಪಿಲ್ಲದೆ ಹೇಳುತ್ತಿದ್ದರು, ಆದರೆ ‘ದೊಡ್ಡ’ ಬಂದಾಗ ಒಮ್ಮೆ ‘ದೊದ್ದ’, ಒಮ್ಮೆ ‘ಡೊಡ್ಡ’ ಎನ್ನುತ್ತಿದ್ದರು. ಒಂದು ಪುಟ್ಟ ಒಕಾರದ ಅವಧಿಯಲ್ಲಿ ನಾಲಿಗೆ ಹಲ್ಲಿನಿಂದ ಅಂಗುಳಕ್ಕೆ ಹೋಗಬೇಕು, ಅಭ್ಯಾಸವಿಲ್ಲದ ನಾಲಿಗೆ ಎರಡರಲ್ಲಿ ಒಂದು ಜಾಗವನ್ನು ಆರಿಸಿಕೊಂಡು ಅಲ್ಲಿಯೇ ಉಳಿದುಬಿಡುತ್ತದೆ. ನಾವು ಪದವನ್ನು ಹಿಂದಿನಿಂದ ಕಟ್ಟಿದೆವು. ಮೊದಲು ‘ಅಡ್ಡ’, ಆಮೇಲೆ ‘ಒಡ್ಡ’, ಡಕಾರದ ತಡೆ ಉದ್ದವಾಗಿರಬೇಕು ಎಂಬ ಒಂದೇ ಷರತ್ತು. ‘ಒಡ್ಡ’ ಅಲುಗದಂತಾದ ಮೇಲೆ ಮುಂದೆ ದಕಾರ ಇಟ್ಟು ಒಕಾರವನ್ನು ಬೇಕೆಂದೇ ಎಳೆದು ‘ದೋ…ಡ್ಡ’ ಎಂದರು. ನಾಲಿಗೆಗೆ ಪ್ರಯಾಣದ ಸಮಯ ಸಿಕ್ಕಿತು. ಆ ಎಳೆತವನ್ನು ಸ್ವಲ್ಪಸ್ವಲ್ಪವೇ ಮೊಟಕು ಮಾಡುತ್ತ ಬಂದರೆ ಎಲ್ಲೋ ಒಂದು ವೇಗದಲ್ಲಿ ‘ದೊದ್ದ’ ಮರಳಿ ಬರುತ್ತದೆ. ಬಂದ ಕೂಡಲೇ ಹಿಂದಿನ ವೇಗಕ್ಕೆ ಇಳಿದು ಅಲ್ಲಿ ಮತ್ತೆ ಅಭ್ಯಾಸ ಮಾಡಿಸಬೇಕು. ‘ತಟ್ಟೆ’, ‘ತೋಟ’, ‘ತುಂಡು’, ‘ನಾಡು’ಗಳು ಇದೇ ಜಾತಿಯವು. ‘ತಟ್ಟೆ’ಯಲ್ಲಿ ಅಮೆರಿಕನ್ನರಿಗೆ ಬೇರೆಯೇ ಒಂದು ಅಪಾಯವಿದೆ. ಎರಡು ಸ್ವರಗಳ ನಡುವಿನ ಟಕಾರವನ್ನು ಅವರು ತಮ್ಮ ‘ವಾಟರ್’ನಲ್ಲಿಯಂತೆ ನಾಲಿಗೆ ತಟ್ಟಿ ಬಿಟ್ಟುಬಿಡುತ್ತಾರೆ, ಆಗ ‘ತಟ್ಟೆ’ ‘ತಡೆ’ಯಾಗಿ ಕೇಳಿಸುತ್ತದೆ. ಇದು ಸ್ಥಾನದ ದೋಷವಲ್ಲ, ಒತ್ತಕ್ಷರದ ಅವಧಿಯ ದೋಷ. ನಾಲಿಗೆ ಮಡಿಸುವ ಮಾತಾಡದೆ ಬರೀ ಮೌನವನ್ನು ಉದ್ದ ಮಾಡಿಸಿದರೆ ಹೋಗುತ್ತದೆ.

ಅಭ್ಯಾಸದ ಹಾಳೆಗಳನ್ನು ನೀವು ರೋಮನ್ ಲಿಪಿಯಲ್ಲಿ ಕೊಡುತ್ತಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ. ಅಲ್ಲಿ ‘ಅನ್ನ’ಕ್ಕೂ ‘ಅಣ್ಣ’ನಿಗೂ ಒಂದೇ ಬರಹ. ಕಿವಿ ಕಷ್ಟಪಟ್ಟು ಬೇರ್ಪಡಿಸಿದ್ದನ್ನು ಕಣ್ಣು ಮತ್ತೆ ಒಂದು ಮಾಡಿಬಿಡುತ್ತದೆ. ಪೂರ್ತಿ ವರ್ಣಮಾಲೆ ಬಾರದಿದ್ದರೂ ತ, ದ, ನ, ಲ, ಟ, ಡ, ಣ, ಳ ಈ ಎಂಟು ಅಕ್ಷರಗಳನ್ನೂ ಅವುಗಳ ಒತ್ತುಗಳನ್ನೂ ಮೊದಲ ವಾರವೇ ಕಲಿಸಿ.

ಪದಗಳಲ್ಲಿ ಬಂದದ್ದು ವಾಕ್ಯದಲ್ಲಿ ಉಳಿಯುವುದು ನಿಧಾನ. ಅರ್ಥದ ಕಡೆಗೆ ಮನಸ್ಸು ಹೋದ ತಕ್ಷಣ ನಾಲಿಗೆ ದಂತಮೂಲಕ್ಕೆ ಮರಳುತ್ತದೆ. ‘ಬೆಟ್ಟ ಹತ್ತಿ ಕಟ್ಟೆಯ ಮೇಲೆ ಕುಳಿತರು’, ‘ಅಣ್ಣ ದೊಡ್ಡ ತಟ್ಟೆಯಲ್ಲಿ ಅನ್ನ ತಂದ’ ಇಂಥ ವಾಕ್ಯಗಳನ್ನು ಓದಿಸಿ ಆಲಿಸಿ. ಆದರೆ ನಿಜವಾದ ಅಳತೆ ಬೇರೆ. ನಿಮ್ಮ ವಿದ್ಯಾರ್ಥಿಯ ಪದಗಳನ್ನು ಧ್ವನಿಮುದ್ರಿಸಿ, ಅವರ ಪರಿಚಯವಿಲ್ಲದ, ಊರಿನಲ್ಲಿರುವ ಕನ್ನಡಿಗರೊಬ್ಬರಿಗೆ ಕಳುಹಿಸಿ. ಯಾವ ಪದ ಎಂದು ಮೊದಲೇ ತಿಳಿಸದೆ, ಕೇಳಿಸಿದ್ದನ್ನು ಬರೆದು ಕಳುಹಿಸಿ ಎಂದು ಅವರನ್ನು ಕೇಳಿಕೊಳ್ಳಿ. ತಿಂಗಳುಗಟ್ಟಲೆ ಜೊತೆಗಿದ್ದ ಶಿಕ್ಷಕರ ಕಿವಿ ವಿದ್ಯಾರ್ಥಿಯ ತಪ್ಪಿಗೆ ಹೊಂದಿಕೊಂಡುಬಿಟ್ಟಿರುತ್ತದೆ, ಅವರ ‘ಅಟ್ಟೆ’ಯನ್ನು ನೀವು ‘ಅತ್ತೆ’ ಎಂದೇ ಕೇಳತೊಡಗಿರುತ್ತೀರಿ. ಅಪರಿಚಿತರು 20 ಪದಗಳಲ್ಲಿ 18ನ್ನು ಸರಿಯಾಗಿ ಬರೆದರೆ ಆ ಜೋಡಿಯ ಪಾಠವನ್ನು ಮುಗಿಸಿ ಮುಂದಿನದಕ್ಕೆ ಹೋಗಿ. ‘ಮುತ್ತು’ ಎಂದು ಹೇಳಿದ್ದು ‘ಮುಟ್ಟು’ ಎಂದು ಬರೆದು ಬಂದರೆ ತಕಾರಕ್ಕೆ ಹಿಂದಿರುಗಿ, ‘ಹುಳಿ’ ‘ಹುಲಿ’ಯಾಗಿ ಬಂದರೆ ಳಕಾರಕ್ಕೆ ಹಿಂದಿರುಗಿ.